190 ರೂಪಾಯಿ ವ್ಯತ್ಯಾಸದ ಹಿಂದೆ

ದಾವಣಗೆರೆಯಲ್ಲೊಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳೋಣ. ಮಾರ್ಚ್ 31ರಂದು ಅದರ ನಗದು ಪುಸ್ತಕದ ಬ್ಯಾಂಕ್ ಕಲಮಿನಲ್ಲಿ 84,500 ರೂಪಾಯಿ ಶಿಲ್ಕು, ಪಾಸ್‌ಬುಕ್‌ನಲ್ಲಿ 84,310. ಇಷ್ಟು ಸಣ್ಣ ವ್ಯತ್ಯಾಸವನ್ನು ‘ಇತರೆ ಖರ್ಚು’ ಎಂದು ಬರೆದು ಲೆಕ್ಕ ಮುಗಿಸಿಬಿಡುವವರಿದ್ದಾರೆ. ಹಾಗೆ ಮಾಡಲೇಬಾರದು. ಉಳಿದಿರುವ 190 ರೂಪಾಯಿ, ಒಂದನ್ನೊಂದು ಹೊಡೆದುಹಾಕಿದ ದೊಡ್ಡ ಮೊತ್ತಗಳ ಶೇಷವಾಗಿರಬಹುದು.

ಅದನ್ನು ಬಿಡಿಸಿ ತೋರಿಸುವುದೇ ಬ್ಯಾಂಕ್ ಸಮನ್ವಯ ಪಟ್ಟಿ. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಎರಡರಲ್ಲೂ ಇರುವ ನಮೂದುಗಳಿಗೆ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತ ಹೋಗಬೇಕು. ನಮ್ಮ ಪುಸ್ತಕದ ಜಮೆ ಬ್ಯಾಂಕಿನಲ್ಲೂ ಜಮೆಯಾಗಿದೆಯೇ, ನಾವು ಕೊಟ್ಟದ್ದು ಅಲ್ಲಿಯೂ ಕಳೆದಿದೆಯೇ ಎಂದು ನೋಡಬೇಕು. ಟಿಕ್ ಬೀಳದೆ ಉಳಿದವೇ ನಮಗೆ ಬೇಕಾದವು.

ಈ ಅಂಗಡಿಯಲ್ಲಿ ಅಂಥವು ನಾಲ್ಕು. ಪೇಂಟ್ ಸರಬರಾಜುದಾರರಿಗೆ ಕೊಟ್ಟ 12,000 ರೂಪಾಯಿಯ ಚೆಕ್ಕನ್ನು ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. ಗುತ್ತಿಗೆದಾರರೊಬ್ಬರ 18,000ದ ಚೆಕ್ಕನ್ನು ಅಂಗಡಿಯವರು 31ರ ಸಂಜೆ ಹಾಕಿದ್ದಾರೆ, ಹಣ ಬಂದಿಲ್ಲ. ಬ್ಯಾಂಕು ತನ್ನ ಶುಲ್ಕ 590 ಕಳೆದುಕೊಂಡಿದೆ. ಗಿರಾಕಿಯೊಬ್ಬರು ಬಾಕಿ 6,400ನ್ನು ನೇರವಾಗಿ ಖಾತೆಗೆ ಕಳಿಸಿದ್ದಾರೆ. ಕೊನೆಯ ಎರಡೂ ಪಾಸ್‌ಬುಕ್ ನೋಡುವವರೆಗೆ ಅಂಗಡಿಗೆ ತಿಳಿದೇ ಇರಲಿಲ್ಲ.

ಈಗ 84,500ಕ್ಕೆ 12,000 ಕೂಡಿಸಿ. ಆ ಹಣ ಇನ್ನೂ ಬ್ಯಾಂಕಿನಲ್ಲೇ ಇದೆ. 18,000 ಕಳೆಯಿರಿ, 590 ಕಳೆಯಿರಿ, 6,400 ಕೂಡಿಸಿ. ಸರಿಯಾಗಿ 84,310 ಬರುತ್ತದೆ.

ಲೆಕ್ಕ ತಾಳೆಯಾಯಿತೆಂದು ಪುಸ್ತಕ ಮುಚ್ಚುವ ಹಾಗಿಲ್ಲ. ನಾಲ್ಕೂ ಒಂದೇ ಜಾತಿಯವಲ್ಲ. ಚೆಕ್ಕುಗಳೆರಡೂ ಬರೀ ಸಮಯದ ಅಂತರ. ಕೆಲವು ದಿನಗಳಲ್ಲಿ ತಾವಾಗಿಯೇ ಸರಿಹೋಗುತ್ತವೆ, ಅವುಗಳಿಗಾಗಿ ನಗದು ಪುಸ್ತಕ ತಿದ್ದಬಾರದು. ಶುಲ್ಕ ಮತ್ತು ಗಿರಾಕಿಯ ಹಣ ಹಾಗಲ್ಲ. ಅವನ್ನು ನಗದು ಪುಸ್ತಕಕ್ಕೆ ಏರಿಸಲೇಬೇಕು. ಏರಿಸಿದರೆ ನಿಜವಾದ ಶಿಲ್ಕು 90,310; ವರ್ಷಾಂತ್ಯದ ಆಸ್ತಿ-ಹೊಣೆ ಪಟ್ಟಿಗೆ ಹೋಗಬೇಕಾದದ್ದು ಇದೇ, ಪಾಸ್‌ಬುಕ್‌ನ ಮೊತ್ತವಲ್ಲ. ಏರಿಸದಿದ್ದರೆ ಹಣ ಕೊಟ್ಟ ಗಿರಾಕಿಯನ್ನೇ ಮತ್ತೆ ಬಾಕಿ ಕೇಳುವ ಪ್ರಸಂಗ ಬರುತ್ತದೆ.

ಇಷ್ಟಾದರೂ ತಾಳೆಯಾಗದಿದ್ದರೆ ಉಳಿದ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ನಿಶ್ಶೇಷವಾಗಿ ಹೋದರೆ, 5,400 ಬರೆಯುವಲ್ಲಿ 4,500 ಬರೆದಂತೆ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆಯಿದೆ.

ಮುಂದಿನ ತಿಂಗಳ ಪಾಸ್‌ಬುಕ್‌ನಲ್ಲಿ ಮೊದಲು ಹುಡುಕಬೇಕಾದದ್ದು ಆ 18,000. ಮೊದಲ ಕೆಲವು ದಿನಗಳಲ್ಲೇ ಅದು ಕಾಣಬೇಕು. ಕಾಣದಿದ್ದರೆ ಚೆಕ್ ಮರಳಿರಬಹುದು, ಇಲ್ಲವೇ ಅದು ಬ್ಯಾಂಕ್ ತಲುಪಿಯೇ ಇರಲಿಕ್ಕಿಲ್ಲ. ಕೊಟ್ಟ ಚೆಕ್ಕಿಗೂ ಗಡುವಿದೆ: ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು. ಅಷ್ಟರೊಳಗೆ ಸರಬರಾಜುದಾರರು ಹಾಕದಿದ್ದರೆ 12,000ವನ್ನು ಮತ್ತೆ ಬ್ಯಾಂಕ್ ಶಿಲ್ಕಿಗೆ ಸೇರಿಸಿ, ಅವರಿಗೆ ಕೊಡಬೇಕಾದ ಬಾಕಿಯೆಂದು ತೋರಿಸಬೇಕು.