ಟೀ ಬಿಟ್ಟವನು, ಟೀಗೆ ನಿಂತವನು

ಶಿರಾಡಿ ಘಾಟಿ ಇಳಿಯುತ್ತಿದ್ದ ಲಾರಿ ಡ್ರೈವರ್ ಒಬ್ಬ ಟೀ ಕುಡಿಯಲು ನಿಂತ ಎನ್ನಿ. ಅವನ ತಮ್ಮ ಗ್ಯಾಸ್ಟ್ರಿಕ್ ಕಾಟಕ್ಕೆ ಟೀ ಕುಡಿಯುವುದನ್ನೇ ನಿಲ್ಲಿಸಿದ ಎನ್ನಿ. ಕನ್ನಡದಲ್ಲಿ ಇವರಿಬ್ಬರನ್ನು ಯಾರೂ ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿಗೆ ಬಂದರೆ ಇಬ್ಬರೂ ‘ಸ್ಟಾಪ್ಡ್’. ಅಣ್ಣ ‘ಸ್ಟಾಪ್ಡ್ ಟು ಡ್ರಿಂಕ್ ಟೀ’, ತಮ್ಮ ‘ಸ್ಟಾಪ್ಡ್ ಡ್ರಿಂಕಿಂಗ್ ಟೀ’. ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಇವರಿಬ್ಬರೂ ಒಬ್ಬನೇ ಆಗಿಬಿಡುತ್ತಾರೆ.

ತಪ್ಪು ಪೂರ್ತಿ ವಿದ್ಯಾರ್ಥಿಗಳದ್ದಲ್ಲ. ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಓದುತ್ತ ಬಂದಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣವೇ, ಇನ್ಫಿನಿಟಿವ್ ಮತ್ತು ಜೆರಂಡ್ ಎಷ್ಟೋ ಕಡೆ ಒಂದರ ಬದಲು ಒಂದು ಬರಬಲ್ಲವು ಎಂದು ಹೇಳಿಕೊಡುತ್ತದೆ. ‘ಎಷ್ಟೋ ಕಡೆ’ ಎಂಬುದು ತಲೆಯಲ್ಲಿ ‘ಎಲ್ಲ ಕಡೆ’ ಎಂದು ಕೂತುಬಿಟ್ಟರೆ ಸ್ಟಾಪ್, ರಿಮೆಂಬರ್, ಟ್ರೈ ಎಂಬ ಮೂರು ಕ್ರಿಯಾಪದಗಳ ಹತ್ತಿರ ಅಂಕ ಹೋಗುತ್ತದೆ. ಇಲ್ಲಿ ‘ಟು’ ಹಾಕಿದರೆ ಒಂದು ಕಥೆ, ‘ಇಂಗ್’ ಹಾಕಿದರೆ ಇನ್ನೊಂದು.

ಈ ‘ಟು’ ಮೂಲದಲ್ಲಿ ‘ಗೋ ಟು ಮೈಸೂರು’ ಎನ್ನುವಾಗ ಬರುವ ‘ಟು’ವೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಕಡೆಗೆ’ ಎಂಬ ಅರ್ಥವಿತ್ತು. ಮುಂದೆ ಆಗಬೇಕಾದ ಕೆಲಸದ ಕಡೆ ಬೊಟ್ಟು ಮಾಡುತ್ತ ಅದು ಕ್ರಿಯಾಪದಕ್ಕೆ ಅಂಟಿಕೊಂಡಿತು. ನಮ್ಮಲ್ಲಿ ಆ ಕೆಲಸ ಮಾಡುವುದು ‘ಕ್ಕೆ’. ಮೈಸೂರಿಗೆ ಹೋದ, ಕುಡಿಯುವುದಕ್ಕೆ ನಿಂತ. ಬೆಂಗಳೂರಿನವರು ‘ಕುಡಿಯೋಕೆ’ ಅನ್ನಲಿ, ಮಂಗಳೂರಿನವರು ‘ಕುಡಿಲಿಕ್ಕೆ’ ಅನ್ನಲಿ, ಆ ‘ಕ್ಕೆ’ ಅಲ್ಲಿದೆ. ‘ಇಂಗ್’ ರೂಪವೋ, ಕೆಲಸವನ್ನೇ ಒಂದು ವಸ್ತುವಿನಂತೆ ಕೈಗೆ ಕೊಡುತ್ತದೆ: ಕುಡಿಯುವುದನ್ನು. ಹಾಗಾಗಿ ಸ್ಟಾಪ್ ಕಂಡಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಏನನ್ನು ನಿಲ್ಲಿಸಿದ? ಉತ್ತರ ‘ಇಂಗ್’. ಏತಕ್ಕೆ ನಿಂತ? ಉತ್ತರ ‘ಟು’.

ಇಷ್ಟು ಸುಲಭವಾಗಿ ರಿಮೆಂಬರ್ ಬಗ್ಗುವುದಿಲ್ಲ. ಅಲ್ಲಿ ನಮ್ಮ ಕನ್ನಡವೇ ಕಾಲಿಗೆ ತೊಡರುತ್ತದೆ. ಮನೆಯಿಂದ ಹೊರಡುವಾಗ ಅಮ್ಮ ‘ಬೀಗ ಹಾಕೋದು ನೆನಪಿರಲಿ’ ಅನ್ನುತ್ತಾರೆ. ‘ಹಾಕೋದು’ ನೋಡಲು ಥೇಟ್ ಜೆರಂಡ್. ಹುಡುಗ ಧೈರ್ಯವಾಗಿ ‘ರಿಮೆಂಬರ್ ಲಾಕಿಂಗ್ ದ ಡೋರ್’ ಎಂದು ಬರೆಯುತ್ತಾನೆ. ತಪ್ಪು. ಬೀಗ ಇನ್ನೂ ಬಿದ್ದಿಲ್ಲ, ಆದ್ದರಿಂದ ‘ರಿಮೆಂಬರ್ ಟು ಲಾಕ್’. ‘ಹಾಲು ತರೋದು ಮರೆತೆ’ ಎಂಬುದೂ ಇಂಥದ್ದೇ ಬಲೆ: ಅದು ‘ಫರ್ಗಾಟ್ ಟು ಬ್ರಿಂಗ್’, ‘ಫರ್ಗಾಟ್ ಬ್ರಿಂಗಿಂಗ್’ ಅಲ್ಲ. ಇಲ್ಲಿ ವಿಭಕ್ತಿಯನ್ನು ನಂಬದೆ, ಯಾವುದು ಮೊದಲು ಎಂದು ಕೇಳಬೇಕು. ನೆನಪು ಮೊದಲು, ಕೆಲಸ ಆಮೇಲೆ ಎಂದಾದರೆ ‘ಟು’. ಕೆಲಸ ಮೊದಲು ಮುಗಿದು, ನೆನಪು ಆಮೇಲೆ ಬಂದರೆ ‘ಇಂಗ್’. ಬಸ್ಸು ಹತ್ತಿದ ಮೇಲೆ ‘ಬೀಗ ಹಾಕಿದ್ದು ನೆನಪಿದೆ, ಬಿಡು’ ಎನ್ನುವವನು ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎನ್ನುತ್ತಾನೆ. ಕನ್ನಡದ ‘ಹಾಕಿದ್ದು’ ಭೂತಕಾಲವನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ‘ಲಾಕಿಂಗ್’ನಲ್ಲಿ ಅದು ಹೊರಗೆ ಕಾಣುವುದಿಲ್ಲ, ಆದರೂ ಅರ್ಥದಲ್ಲಿ ಇದೆ.

ಟ್ರೈ ಮಾತ್ರ ಕನ್ನಡಿಗರಿಗೆ ಸಿಕ್ಕ ಬಳುವಳಿ. ಪಠ್ಯಗಳು ಅದನ್ನು ಎರಡಕ್ಕೂ ‘ಪ್ರಯತ್ನಿಸು’ ಎಂದು ಅನುವಾದಿಸಿ ಕೆಡಿಸುತ್ತವೆ. ‘ನೋಡು’ ಎಂದು ಅನುವಾದಿಸಿದ್ದರೆ ವಿವರಣೆಯೇ ಬೇಕಿರಲಿಲ್ಲ. ಬಸ್ಸಿನ ಕಿಟಕಿಯನ್ನು ತೆರೆಯಲು ನೋಡಿದೆ. ಅದು ತುಕ್ಕು ಹಿಡಿದು ಅಲುಗಲಿಲ್ಲ. ಇದು ‘ಟ್ರೈಡ್ ಟು ಓಪನ್’. ಕಿಟಕಿ ತೆರೆದು ನೋಡಿದೆ. ಸಲೀಸಾಗಿ ತೆರೆಯಿತು, ಸೆಕೆ ಮಾತ್ರ ಹೋಗಲಿಲ್ಲ. ಇದು ‘ಟ್ರೈಡ್ ಓಪನಿಂಗ್’. ಮೊದಲನೆಯದರಲ್ಲಿ ಆ ಕೆಲಸವೇ ಕಷ್ಟ. ಎರಡನೆಯದರಲ್ಲಿ ಕೆಲಸ ಸುಲಭ, ಅದರಿಂದ ಪ್ರಯೋಜನವಾಗುತ್ತದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಮೊಬೈಲ್ ಹ್ಯಾಂಗ್ ಆದಾಗ ‘ಆಫ್ ಮಾಡಿ ನೋಡು’ ಎನ್ನುತ್ತೇವಲ್ಲ, ಅದು ‘ಟ್ರೈ ಸ್ವಿಚಿಂಗ್ ಇಟ್ ಆಫ್’. ಮಾತಿನ ಇಂಗ್ಲಿಷಿನಲ್ಲಿ ಈ ಗೆರೆ ಆಗಾಗ ಅಳಿಸಿಹೋಗುತ್ತದೆ, ಪರೀಕ್ಷೆಯಲ್ಲಿ ಅಳಿಸುವುದಿಲ್ಲ.

ಪ್ರಶ್ನೆ ಹೇಗೆ ಬರುತ್ತದೆ ನೋಡೋಣ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ವಾಕ್ಯವೊಂದನ್ನು ತುಂಡು ಮಾಡಿ, ತಪ್ಪಿರುವ ತುಂಡನ್ನು ಗುರುತಿಸಿ ಎನ್ನುವುದು ರೂಢಿ. ‘ಪ್ಲೀಸ್ ರಿಮೆಂಬರ್ / ಪೋಸ್ಟಿಂಗ್ ದಿಸ್ ಲೆಟರ್ / ಆನ್ ಯುವರ್ ವೇ ಹೋಮ್ / ನೋ ಎರರ್’ ಎಂದು ಕೊಟ್ಟಿದ್ದಾರೆ ಎಂದುಕೊಳ್ಳಿ. ‘ಪೋಸ್ಟಿಂಗ್ ದಿಸ್ ಲೆಟರ್’ ಒಂದನ್ನೇ ದಿಟ್ಟಿಸಿದರೆ ಏನೂ ತಪ್ಪು ಕಾಣದು, ಕಿವಿಗೂ ಚೆನ್ನಾಗಿಯೇ ಕೇಳಿಸುತ್ತದೆ. ಸುಳಿವು ಆಚೀಚೆ ಇದೆ. ‘ಪ್ಲೀಸ್’ ಎಂದರೆ ಕೋರಿಕೆ; ‘ದಿಸ್ ಲೆಟರ್’ ಎಂದರೆ ಕಾಗದ ಇನ್ನೂ ಕೈಯಲ್ಲೇ ಇದೆ; ‘ಆನ್ ಯುವರ್ ವೇ ಹೋಮ್’ ಎಂದರೆ ಮುಂದಿನ ದಾರಿ. ಮೂರೂ ಸೇರಿ ಕೆಲಸ ಆಗಿಲ್ಲ ಎನ್ನುತ್ತಿವೆ. ‘ಟು ಪೋಸ್ಟ್’ ಆಗಬೇಕು, ಎರಡನೆಯ ತುಂಡು ತಪ್ಪು. ಖಾಲಿ ಜಾಗದ ಪ್ರಶ್ನೆಗೂ ಇದೇ ದಾರಿ: ‘ಐ ಕ್ಲಿಯರ್ಲಿ ರಿಮೆಂಬರ್ ___ ಹಿಮ್ ಲಾಸ್ಟ್ ವೀಕ್’ ಎಂದಿದ್ದರೆ ‘ಲಾಸ್ಟ್ ವೀಕ್’ ನೋಡಿದ ಮೇಲೆ ‘ಪೇಯಿಂಗ್’ ಬಿಟ್ಟು ಬೇರೆ ಹಾಕಲು ಜಾಗವಿಲ್ಲ.

ಇಷ್ಟು ತಿಳಿದವರೂ ಪರೀಕ್ಷೆಯಲ್ಲಿ ಎಡವುತ್ತಾರೆ. ಅಭ್ಯಾಸ ಪುಸ್ತಕದಲ್ಲಿ ಒಂದೇ ಕ್ರಿಯಾಪದದ ಇಪ್ಪತ್ತು ವಾಕ್ಯಗಳು ಸಾಲಾಗಿ ಇರುವುದರಿಂದ, ಮೂರನೆಯದರ ಹೊತ್ತಿಗೆ ಕೈ ತಾನಾಗಿ ಬರೆಯತೊಡಗುತ್ತದೆ. ನಾನು ಹೇಳುವ ಅಭ್ಯಾಸಕ್ಕೆ ದಿನಕ್ಕೆ 15 ನಿಮಿಷ, ಸುಮಾರು ಎರಡು ವಾರ ಸಾಕು. ಮೊದಲ ಮೂರು ದಿನ ದಿನಕ್ಕೊಂದು ಕ್ರಿಯಾಪದ: ನಿಮ್ಮದೇ ಮನೆ, ಬೀದಿಯಿಂದ ನಾಲ್ಕು ಜೋಡಿ ಕನ್ನಡ ವಾಕ್ಯ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಮಾಡಿ. ನಾಲ್ಕನೆಯ ದಿನದಿಂದ ಇಂಗ್ಲಿಷಿನ ಅರ್ಧ ವಾಕ್ಯವನ್ನಷ್ಟೇ ಬರೆದುಕೊಂಡು ಉಳಿದರ್ಧವನ್ನು ನೀವೇ ಮುಗಿಸಿ. ‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್, ಬಟ್…’ ಎಂಬುದಕ್ಕೆ ‘ಕಿಟಕಿ ಮುಚ್ಚಲು ಮರೆತೆ’ ಎಂಬ ಬಾಲ ಕೂಡುತ್ತದೆ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್, ಬಟ್…’ ಎಂಬುದಕ್ಕೆ ‘ಬಂದು ನೋಡಿದರೆ ತೆರೆದೇ ಇತ್ತು’ ಎಂಬುದು ಕೂಡುತ್ತದೆ. ಬಾಲಗಳನ್ನು ಅದಲುಬದಲು ಮಾಡಿ ಓದಿ. ‘ಮರೆಯದೆ ಬೀಗ ಹಾಕಿದೆ, ಬಂದು ನೋಡಿದರೆ ತೆರೆದೇ ಇತ್ತು’ ಎಂದಾಗ ಯಾರೋ ಬೀಗ ಮುರಿದಿರಬೇಕು! ಹೀಗೆ ಕಥೆ ಬದಲಾಗುವುದು ಕಿವಿಗೆ ಬಿದ್ದರೆ ವ್ಯತ್ಯಾಸ ಒಳಗಿಳಿದಿದೆ ಎಂದರ್ಥ. ಬಾಲ ಹೊಳೆಯದೆ ನಿಂತರೆ ನಿಯಮ ಬಾಯಿಪಾಠವಾಗಿದೆ, ಅಷ್ಟೇ.

ಎರಡನೆಯ ವಾರ ಹಳೆಯ ಪ್ರಶ್ನೆಪತ್ರಿಕೆಗಳಿಂದ ದಿನಕ್ಕೆ ಹತ್ತು ವಾಕ್ಯ, ಮೂರೂ ಕ್ರಿಯಾಪದ ಕಲಸಿ. ಉತ್ತರ ಬರೆಯುವ ಮುಂಚೆ ಸುಳಿವಿನ ಪದಕ್ಕೆ ಅಡಿಗೆರೆ ಎಳೆಯಿರಿ. ತಪ್ಪಾದರೆ ಸರಿ ಉತ್ತರ ಬರೆದು ಮುಂದೆ ಹೋಗದೆ, ಯಾವ ಪದವನ್ನು ನೋಡದೆ ಬಿಟ್ಟೆ ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿ. ನಾಲ್ಕು ದಿನ ಕಳೆದು ಅದೇ ವಾಕ್ಯಕ್ಕೆ ಮತ್ತೆ ಬನ್ನಿ.

ಈ ಪ್ರಶ್ನೆಗಳನ್ನು ಎಲ್ಲ ಕ್ರಿಯಾಪದಗಳ ಮೇಲೂ ಹೇರಲು ಹೋಗಬೇಡಿ. ‘ಇಟ್ ಸ್ಟಾರ್ಟೆಡ್ ಟು ರೇನ್’ ಅಂದರೂ ‘ಸ್ಟಾರ್ಟೆಡ್ ರೇನಿಂಗ್’ ಅಂದರೂ ನೆನೆಯುವುದು ಒಂದೇ. ‘ಎಂಜಾಯ್’ ಬಂದರೆ ಕಣ್ಣುಮುಚ್ಚಿ ‘ಇಂಗ್’. ‘ಲುಕ್ ಫಾರ್ವರ್ಡ್ ಟು’ ಮಾತ್ರ ಇನ್ನೊಂದು ಗುಂಡಿ: ಕೆಲಸ ಮುಂದಿನದೇ, ‘ಟು’ ಕೂಡ ಇದೆ, ಆದರೂ ಅದರ ಮುಂದೆ ‘ಮೀಟ್’ ಅಲ್ಲ, ‘ಮೀಟಿಂಗ್’. ಆ ‘ಟು’ ಕ್ರಿಯಾಪದಕ್ಕೆ ಅಂಟದೆ ಇನ್ನೂ ‘ಮೈಸೂರಿಗೆ’ಯ ‘ಗೆ’ಯಾಗಿಯೇ ಉಳಿದಿದೆ. ಅನುಮಾನ ಬಂದರೆ ಮುಂದೆ ‘ಇಟ್’ ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ಇಟ್’ ಕೂಡುತ್ತದೆ, ಹಾಗಾಗಿ ‘ಇಂಗ್’. ‘ರಿಮೆಂಬರ್ ಟು ಇಟ್’ ಎಂದು ಯಾರೂ ಹೇಳುವುದಿಲ್ಲ.