ಹಸಿರು ವೈರ್ ಇಲ್ಲಿ ಅರ್ತ್ ಅಲ್ಲ

ಇಲಿ ಕಡಿದೋ ಕುರ್ಚಿಯ ಚಕ್ರಕ್ಕೆ ಸಿಕ್ಕೋ ನಡುವೆ ತುಂಡಾದ ಚಾರ್ಜಿಂಗ್ ಕೇಬಲ್ಲನ್ನು ರಿಪೇರಿ ಮಾಡಬಹುದು. ಪ್ಲಗ್ಗಿನ ಕುತ್ತಿಗೆಯಲ್ಲೇ ತುಂಡಾಗಿದ್ದರೆ ಬೇಡ. ಬೆಸೆಯಲು ಅಲ್ಲಿ ವೈರೇ ಉಳಿದಿರುವುದಿಲ್ಲ.

ಹಳೆಯ ಮಾದರಿಯ ಯುಎಸ್‌ಬಿ ಕೇಬಲ್ ಸುಲಿದರೆ ನಾಲ್ಕು ವೈರ್ ಕಾಣುತ್ತವೆ. ಕೆಂಪಿನಲ್ಲಿ 5 ವೋಲ್ಟ್ ಬರುತ್ತದೆ, ಕಪ್ಪಿನಲ್ಲಿ ಕರೆಂಟ್ ಹಿಂದಿರುಗುತ್ತದೆ. ಬಿಳಿ ಮತ್ತು ಹಸಿರು ಡೇಟಾದ ಜೋಡಿ. ಮನೆ ವೈರಿಂಗ್ ಬಲ್ಲವರು ಎಡವುವುದು ಇಲ್ಲೇ: ಹಸಿರು ಕಂಡೊಡನೆ ಅರ್ತ್ ಎಂದು ಕಪ್ಪಿನ ಜೊತೆ ಹೊಸೆದುಬಿಡುತ್ತಾರೆ.

ಚಾರ್ಜಿಗೆ ಕೆಂಪು, ಕಪ್ಪು ಎರಡೇ ಸಾಕಲ್ಲವೇ? ಆಗುತ್ತದೆ, ಆದರೆ ಆಮೆಗತಿಯಲ್ಲಿ. ಎದುರಿಗಿರುವುದು ಚಾರ್ಜರೋ ಕಂಪ್ಯೂಟರೋ ಎಂದು ಫೋನು ತಿಳಿಯುವುದು ಡೇಟಾ ವೈರುಗಳಿಂದ. ಅವು ಕಡಿದಿದ್ದರೆ ಅನೇಕ ಫೋನುಗಳು ಅರ್ಧ ಆಂಪಿಯರ್‌ಗಿಂತ ಹೆಚ್ಚು ಎಳೆಯುವುದಿಲ್ಲ. ಬಿಳಿ-ಹಸಿರು ಅದಲುಬದಲಾದರೆ ಫೈಲ್ ಸಾಗುವುದಿಲ್ಲ, ಅಷ್ಟೇ. ಕೆಂಪು-ಕಪ್ಪು ಅದಲುಬದಲಾದರೆ ಮಾತ್ರ ಫೋನೇ ಸುಡಬಹುದು.

ಅಗ್ಗದ ಕೇಬಲ್ಲುಗಳು ಈ ಬಣ್ಣಗಳನ್ನು ಪಾಲಿಸುವುದಿಲ್ಲ. ಕೆಂಪಿನ ಬದಲು ಕಿತ್ತಳೆ, ಕಪ್ಪಿನ ಬದಲು ಬಿಳಿ ಇರುವುದುಂಟು. ಒಂದೇ ಕೇಬಲ್ಲಿನ ಎರಡು ತುಂಡುಗಳಾದರೆ ಚಿಂತೆಯಿಲ್ಲ, ಬಣ್ಣಕ್ಕೆ ಬಣ್ಣ ಸೇರಿಸಿದರಾಯಿತು. ಬೇರೆ ಕೇಬಲ್ಲಿನ ತುಂಡನ್ನು ಊಹೆಯ ಮೇಲೆ ಸೇರಿಸಲೇಬೇಡಿ.

ಕೇಬಲ್ಲನ್ನು ಚಾರ್ಜರಿನಿಂದಲೂ ಫೋನಿನಿಂದಲೂ ಕಳಚಿ. ಜಜ್ಜಿದ ಭಾಗವನ್ನು ಕತ್ತರಿಸಿ ತೆಗೆದು, ಬೆಸೆಯುವ ಮೊದಲೇ ದಪ್ಪನೆಯ ಹೀಟ್ ಶ್ರಿಂಕ್ ಟ್ಯೂಬೊಂದನ್ನು ಕೇಬಲ್ಲಿಗೂ ತೆಳುವಾದವನ್ನು ಒಂದೊಂದು ವೈರಿಗೂ ತೂರಿಸಿಡಿ. ಆಮೇಲೆ ತೂರಿಸಲು ದಾರಿಯಿಲ್ಲ. ನಾಲ್ಕು ಬೆಸುಗೆಗಳೂ ಒಂದೇ ಜಾಗದಲ್ಲಿ ಬರದಂತೆ ವೈರುಗಳನ್ನು ಹೆಚ್ಚುಕಡಿಮೆ ಉದ್ದಕ್ಕೆ ಕತ್ತರಿಸಿ. ಹೀಗೆ ಮಾಡಿದರೆ ಟ್ಯೂಬ್ ಸರಿದರೂ ಕೆಂಪು ಕಪ್ಪನ್ನು ಮುಟ್ಟುವುದಿಲ್ಲ. ಹೊರಗಿನ ತಂತಿಬಲೆಯನ್ನೂ ಕೊನೆಗೆ ಜೋಡಿಸಿ. ಬರೀ ಹೊಸೆದು ಟೇಪ್ ಸುತ್ತಿದ ಜೋಡಣೆ ದಿನ ಕಳೆದಂತೆ ಸಡಿಲವಾಗುತ್ತದೆ. ಅಲ್ಲಿ ಅರ್ಧ ಓಮ್ ತಡೆ ಹುಟ್ಟಿದರೂ 2 ಆಂಪಿಯರ್ ಹರಿಯುವಾಗ 2 ವ್ಯಾಟ್ ಶಾಖ ಆ ಚಿಕ್ಕ ಜಾಗದಲ್ಲೇ ಸೇರುತ್ತದೆ. 5 ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲ. ಭಯ ಇರುವುದು ಈ ಬಿಸಿಯದು, ಅದರಲ್ಲೂ ಹಾಸಿಗೆಯ ಮೇಲೆ.

ಎರಡು ಕಡೆಯೂ ಸಿ-ಟೈಪ್ ಪ್ಲಗ್ ಇರುವ ಕೇಬಲ್ಲಿನ ಗೊಡವೆ ಬೇಡ. ಅದರಲ್ಲಿ ಚಾರ್ಜರ್ ಮತ್ತು ಫೋನ್ ಮಾತಾಡಿಕೊಳ್ಳುವ ಇನ್ನೊಂದು ವೈರ್ ಇರುತ್ತದೆ, ವೋಲ್ಟೇಜ್ 20ರವರೆಗೂ ಏರಬಲ್ಲದು. 230 ವೋಲ್ಟ್ ಇರುವ ಅಡಾಪ್ಟರನ್ನಂತೂ ಬಿಚ್ಚಲೇಬಾರದು.

ಬೆಸುಗೆ ಮುಗಿದ ಮೇಲೆ, ಕೇಬಲ್ ಎಲ್ಲಿಗೂ ಸಿಕ್ಕಿಸಿರದಾಗಲೇ, ಚಾರ್ಜರ್ ಕಡೆಯ ಪ್ಲಗ್ಗಿನ ಎರಡು ಅಂಚಿನ ಪಟ್ಟಿಗಳಿಗೆ ಮಲ್ಟಿಮೀಟರ್ ಕಡ್ಡಿಗಳನ್ನು ತಾಗಿಸಿ. ಬೀಪ್ ಬಂದರೆ ಕೆಂಪು-ಕಪ್ಪು ಶಾರ್ಟ್ ಆಗಿದೆ, ಬಿಚ್ಚಿ ನೋಡಬೇಕು. ಬರದಿದ್ದರೆ ಚಾರ್ಜಿಗೆ ಹಾಕಿ, ಮೊದಲ ಕಾಲು ಗಂಟೆ ಹತ್ತಿರವೇ ಇದ್ದು ಬೆಸುಗೆಯ ಜಾಗವನ್ನು ಮುಟ್ಟಿ ನೋಡುತ್ತಿರಿ. ಉಳಿದ ಕೇಬಲ್ಲಿಗಿಂತ ಅಲ್ಲಿ ಬೆಚ್ಚಗೆನಿಸಿದರೆ ಬೆಸುಗೆ ಸರಿಯಾಗಿ ಕೂತಿಲ್ಲ. ಅದನ್ನು ಕತ್ತರಿಸಿ ಹೊಸದಾಗಿ ಹಾಕಿ.