ನೋಯದ ಜಡ್ಡೇ ಹೆಚ್ಚು ಅಪಾಯ

ನಮ್ಮ ಮಸಗುಪ್ಪಿ ಕಡೆ ಕಬ್ಬಿನ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವ ಹಿರಿಯರ ಅಂಗಾಲು ಮುಟ್ಟಿ ನೋಡಿದ್ದೀರಾ? ಹಿಮ್ಮಡಿ ಹಳೇ ಟೈರಿನಂತೆ ಗಟ್ಟಿ. ಕಟಾವಾದ ಕಬ್ಬಿನ ಕೂಳೆ, ಒಣ ರವದಿ, ಎರೆ ಮಣ್ಣಿನ ಹೆಂಟೆ ಎಲ್ಲದರ ಮೇಲೂ ಆರಾಮಾಗಿ ನಡೀತಾರೆ. ಒತ್ತಡ, ತಿಕ್ಕಾಟ ಜಾಸ್ತಿಯಾದ ಕಡೆ ಚರ್ಮ ಹೊಸ ಪದರಗಳನ್ನು ಬೇಗ ಬೇಗ ಕಟ್ಟುತ್ತದೆ, ಹಳೆಯವು ಉದುರದೆ ಕೂರುತ್ತವೆ. ಅದೇ ಜಡ್ಡು. (ನಮ್ಮ ಭಾಗದಲ್ಲಿ ಕಾಯಿಲೆಗೂ ಜಡ್ಡು ಅಂತಲೇ ಅನ್ನೋದು. ಆದರೆ ಈ ಜಡ್ಡು ಕಾಯಿಲೆಯಲ್ಲ, ಕಾಲು ತಾನೇ ಹೊಲಿದುಕೊಂಡ ಚಪ್ಪಲಿ.)

ಊರಲ್ಲಿ ಎಲ್ಲರೂ ನಂಬಿರುವ ಮಾತು ಒಂದಿದೆ: ಜಡ್ಡು ಬಿದ್ದ ಕಾಲಿಗೆ ಏನೂ ಗೊತ್ತಾಗಲ್ಲ. ಇದು ಪೂರ್ತಿ ನಿಜವಲ್ಲ. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಕೀನ್ಯಾ ಮತ್ತು ಅಮೆರಿಕದ ನೂರಕ್ಕೂ ಹೆಚ್ಚು ಜನರ ಅಂಗಾಲು ಪರೀಕ್ಷಿಸಿದರು. ಬರಿಗಾಲಲ್ಲಿ ನಡೆಯುವವರ ಜಡ್ಡು ದಪ್ಪವಾಗಿತ್ತು, ಗಟ್ಟಿಯಾಗಿತ್ತು. ಆದರೆ ಕಂಪನವನ್ನು ಗುರುತಿಸುವ ಶಕ್ತಿ ಅದರಿಂದ ಕಡಿಮೆಯಾಗಿರಲಿಲ್ಲ. ಜಡ್ಡು ಗಟ್ಟಿ ಇರುವುದರಿಂದ ನೆಲದ ಸುದ್ದಿಯನ್ನು ಒಳಗಿನ ನರಕ್ಕೆ ಹಾಗೇ ದಾಟಿಸುತ್ತದೆ. ಹಾಗಾದರೆ ಒಬ್ಬರ ಕಾಲಿಗೆ ಏನೂ ಗೊತ್ತಾಗುತ್ತಿಲ್ಲ ಅಂದರೆ ಮೊದಲು ಅನುಮಾನ ಪಡಬೇಕಾದ್ದು ನರವನ್ನು. ನಮ್ಮಲ್ಲಿ ಇದಕ್ಕೆ ದೊಡ್ಡ ಕಾರಣ ಸಕ್ಕರೆ ಕಾಯಿಲೆ.

ನಮ್ಮ ಕಾಕಾನ ಕಥೆ ಹೇಳ್ತೀನಿ. ವಯಸ್ಸು 54, ಶುಗರ್ ಬಂದು ಒಂಬತ್ತು ವರ್ಷ. ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ನಡೆದು ಹೋಗುವ ಹರಕೆ ಇತ್ತು. ವಿಡಿಯೋ ಕಾಲ್‌ನಲ್ಲಿ ಅಂಗಾಲು ತೋರಿಸಿ ಅಂದೆ. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಜಡ್ಡು, ನಡುವೆ ಕಂದುಗಪ್ಪು ಕಲೆ. "ಅದೇನ ನೋವಿಲ್ಲ ಬಿಡೋ ತಮ್ಮಾ, ಜಡ್ಡ ಬಿದ್ದೈತಿ ಅಷ್ಟ" ಅಂದರು. ನನಗೆ ಭಯವಾಗಿದ್ದು ಆ 'ನೋವಿಲ್ಲ' ಅನ್ನೋ ಮಾತಿಗೇ.

ಕಾಕೂಗೆ ಒಂದು ಸರಳ ಪರೀಕ್ಷೆ ಹೇಳಿದೆ. ಕಾಕಾ ಕಣ್ಣು ಮುಚ್ಚಿ ಮಲಗಬೇಕು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಮುಟ್ಟಿದಾಗ ಎಡವೋ ಬಲವೋ ಅಂತ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕುಂದಿದೆ ಎಂದರ್ಥ. ಕಾಕಾಗೆ ಮೂರು ಗೊತ್ತಾಗಲಿಲ್ಲ.

ಮರುದಿನವೇ ಗೋಕಾಕಿಗೆ ಹೋದರು. ಡಾಕ್ಟರು ಚಾಕುವಿನಿಂದ ಜಡ್ಡನ್ನು ಪದರ ಪದರವಾಗಿ ಹೆರೆದರು. ಸತ್ತ ಚರ್ಮವಾದ್ದರಿಂದ ಅದು ನೋಯುವುದಿಲ್ಲ. ಕೆಳಗೆ ರಕ್ತ ಹೆಪ್ಪುಗಟ್ಟಿತ್ತು, ಅದರಡಿ ತೊಗರಿಬೇಳೆಯಷ್ಟು ಹುಣ್ಣು! ಚಪ್ಪಲಿಯೊಳಗೆ ಕಲ್ಲು ಸಿಕ್ಕಿದರೆ ನಾವು ತಕ್ಷಣ ನಿಂತು ತೆಗೀತೀವಿ. ದಪ್ಪ ಜಡ್ಡು ಕೂಡ ಅಂಥ ಕಲ್ಲೇ, ಒಳಗಿನ ಮೆತ್ತನೆ ಮಾಂಸವನ್ನು ಹೆಜ್ಜೆ ಹೆಜ್ಜೆಗೂ ಒತ್ತುತ್ತದೆ. ನರ ಸರಿ ಇದ್ದವರು ನೋವಿಗೆ ಕುಂಟುತ್ತಾರೆ, ಕಾಲಿಗೆ ವಿರಾಮ ಸಿಗುತ್ತದೆ. ಕಾಕಾ ಕುಂಟಲೇ ಇಲ್ಲ. ಶುಗರ್ ಇರುವವರಲ್ಲಿ ಜಡ್ಡು ಹೆರೆದಾಗ ಆ ಜಾಗದ ಒತ್ತಡ ಸುಮಾರು ಕಾಲುಭಾಗ ಇಳಿಯುತ್ತದೆ ಅಂತ ಅಳೆದು ನೋಡಿದವರಿದ್ದಾರೆ.

ಎಲ್ಲ ಜಡ್ಡಿಗೂ ಹೀಗೆ ಹೆದರಬೇಕಿಲ್ಲ. ಹಳದಿ ಬಣ್ಣದ, ಸಮನಾದ, ಒಡಕಿಲ್ಲದ ಜಡ್ಡನ್ನು ಅದರ ಪಾಡಿಗೆ ಬಿಡಿ. ಹಿಮ್ಮಡಿ ಒಡೆದಿದ್ದರೆ ಉಗುರುಬೆಚ್ಚನೆ ನೀರಲ್ಲಿ ಹತ್ತು ನಿಮಿಷ ನೆನೆಸಿ, ಒರಟು ಕಲ್ಲಿನಿಂದ ಹಗುರವಾಗಿ ಉಜ್ಜಿ, ಯೂರಿಯಾ ಇರುವ ಕ್ರೀಮ್ ಹಚ್ಚಿದರೆ ಮೆತ್ತಗಾಗುತ್ತದೆ. (ಮೆಡಿಕಲ್ ಶಾಪಿನ ಕ್ರೀಮ್. ಗೊಬ್ಬರದ ಚೀಲದ್ದಲ್ಲ, ಕಾಕಾ ಕೇಳಿಯೇ ಕೇಳಿದ್ದರು.) ಒಡಕು ಆಳವಾಗಿ ರಕ್ತ ಬಂದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ವಾಸನೆ ಬಂದರೆ, ಜಡ್ಡಿನೊಳಗೆ ಕಪ್ಪು ಕಲೆ ಕಂಡರೆ ಮನೆಮದ್ದು ಸಾಕು ಮಾಡಿ. ಮಣ್ಣು, ಸಗಣಿ ತುಳಿಯುವ ಕಾಲಿನಲ್ಲಿ ಬಾಯಿಬಿಟ್ಟ ಒಡಕಿದ್ದರೆ ಧನುರ್ವಾಯು ಲಸಿಕೆ ಯಾವಾಗ ಆಗಿತ್ತು ಅಂತಲೂ ಡಾಕ್ಟರಿಗೆ ಹೇಳಿ. ಶುಗರ್ ಇರುವವರು ಬ್ಲೇಡಿನಿಂದ ಕೆತ್ತುವುದು, ಆಣಿಗೆ ಅಂಟಿಸುವ ಕಾರ್ನ್ ಪಟ್ಟಿ ಹಾಕುವುದು ಎರಡೂ ಬೇಡ. ಪಟ್ಟಿಯಲ್ಲಿರುವ ಆಮ್ಲಕ್ಕೆ ಸತ್ತ ಚರ್ಮ, ಜೀವಂತ ಚರ್ಮ ಅನ್ನೋ ಭೇದವಿಲ್ಲ.

ಕಾಕಾ ಆರು ವಾರ ಹೊಲಕ್ಕೆ ಇಳಿಯಲಿಲ್ಲ, ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಂಡರು, ಹುಣ್ಣು ಮಾಯಿತು. ಹರಕೆಯ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಕೊನೆಗೆ ಆಯಿ "ದೇವಿ ಕಾಲ ಕೇಳಿಲ್ಲಪಾ" ಅಂದಮೇಲೆ ಬಸ್ಸಿನಲ್ಲಿ ಹೋದರು. ಈಗ ಅವರು ಹಾಕೋದು ಎಂ.ಸಿ.ಆರ್. ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ, ಹಿಂದೆ ಪಟ್ಟಿ ಇರುವಂಥದ್ದು. ಪಟ್ಟಿ ಯಾಕೆ ಬೇಕು ಅಂದರೆ, ಸ್ಪರ್ಶ ಕುಂದಿದವರಿಗೆ ಚಪ್ಪಲಿ ಜಾರಿ ಹಿಂದೆ ಬಿದ್ದರೂ ಗೊತ್ತಾಗುವುದಿಲ್ಲ. ಹೋದ ವರ್ಷ ಕಾಕಾ ಎರಡು ಸಲ ಹಾಗೆ ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದಿದ್ದರಂತೆ, ಎಲ್ಲರೂ ನಕ್ಕಿದ್ದರಂತೆ.